ಒಂದು ಗಂಟಲು, ಇಡೀ ಲಂಕೆ: ಬಳ್ಳಾರಿ ಸೀಮೆಯ ತೊಗಲು ಗೊಂಬೆಗಳು ಮಾತಾಡಿದ್ದು ಹೇಗೆ?

ತೊಗಲು ಗೊಂಬೆಗೆ ಬಾಯಿ ಬರೆದಿರುತ್ತಾರೆ, ಆದರೆ ಆ ಬಾಯಿ ತೆರೆಯುವುದಿಲ್ಲ. ರಾವಣನ ಮೀಸೆ ಅಲುಗುವುದಿಲ್ಲ, ಸೀತೆಯ ತುಟಿ ಮಿಸುಕುವುದಿಲ್ಲ. ಬಿಳಿ ಪರದೆಯ ಹಿಂದೆ ದೀಪ, ದೀಪದ ಮುಂದೆ ಚರ್ಮದ ಗೊಂಬೆ, ಗೊಂಬೆಯ ಹಿಂದೆ ಒಬ್ಬ ಮನುಷ್ಯ. ಬೆಳಗಿನವರೆಗೂ ನಡೆಯುವ ಕಥೆಯಲ್ಲಿ ಬರುವ ರಾಜ, ರಕ್ಕಸ, ಮುನಿ, ಮಂಗ, ಸೇವಕ ಎಲ್ಲರಿಗೂ ಹೆಚ್ಚುಕಡಿಮೆ ಆ ಒಬ್ಬನದೇ ದನಿ. ಹೆಂಗಸರ ಪಾತ್ರಗಳಿಗೆ ಸಾಮಾನ್ಯವಾಗಿ ಅವನ ಹೆಂಡತಿ ಮಾತು ಕೊಡುತ್ತಿದ್ದಳು. ಹೀಗಿದ್ದರೂ ದೂರದಲ್ಲಿ ಕಂಬಳಿ ಹೊದ್ದು ಕೂತ ಮುದುಕನಿಗೆ ಈಗ ಮಾತಾಡಿದ್ದು ರಾವಣನೋ ವಿಭೀಷಣನೋ ಎಂಬ ಗೊಂದಲ ಆಗುತ್ತಿರಲಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂಬುದನ್ನೇ ಈ ಬರಹದಲ್ಲಿ ನಾವು ನೋಡಲು ಹೊರಟಿದ್ದೇವೆ. ದನಿ ಬದಲಿಸುವುದು ಎಂದರೆ ದಪ್ಪ ದನಿ, ಸಣ್ಣ ದನಿ ಮಾಡುವುದು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಗೊಂಬೆಯಾಟದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಹೆಚ್ಚು ಕೆಲಸ ಮಾಡಿದ್ದು ಪದಗಳು. ಅವುಗಳ ನಂತರ ಮಾತಿನ ವೇಗ. ದನಿಯ ಏರಿಳಿತಕ್ಕೆ ಕೊನೆಯ ಸ್ಥಾನ.

ಯಾರು ಈ ಆಟದವರು?

ತೊಗಲು ಗೊಂಬೆ ಆಡಿಸುತ್ತಾ ಊರೂರು ತಿರುಗುತ್ತಿದ್ದವರನ್ನು ನಮ್ಮ ಕಡೆ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು, ಕಟಬರು ಎಂದೆಲ್ಲ ಕರೆಯುತ್ತಾರೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಕಿಳ್ಳೇಕ್ಯಾತರ ಬಗ್ಗೆಯೂ ಟಿಪ್ಪಣಿ ಇದೆ. ಅದಕ್ಕೂ ಬಹಳ ಹಿಂದೆ, 13ನೇ ಶತಮಾನದ ಪಾಲ್ಕುರಿಕಿ ಸೋಮನಾಥನ ತೆಲುಗು ಕಾವ್ಯ ಪಂಡಿತಾರಾಧ್ಯ ಚರಿತ್ರದಲ್ಲಿ ತೊಗಲು ಗೊಂಬೆಯಾಟದ ಮಾತು ಬರುತ್ತದೆ. ಅಂದರೆ ಇದು ತೆಲುಗು, ಕನ್ನಡ ಎರಡೂ ನೆಲದಲ್ಲಿ ಬಹಳ ಹಳೆಯ ಕಸುಬು.

ಈ ಕುಟುಂಬಗಳ ಬಗ್ಗೆ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರು ಮನೆಯಲ್ಲಿ ಆಡುವುದು ಮರಾಠಿಗೆ ಹತ್ತಿರವಾದ ಮಾತು. ಕನ್ನಡ ಅವರಿಗೆ ಆಟದ ಭಾಷೆ, ಊರಿನವರ ಭಾಷೆ. ಹೊರಗಿನಿಂದ ಕಲಿತ ಭಾಷೆಯನ್ನು ಮನುಷ್ಯ ಬಹಳ ಗಮನವಿಟ್ಟು ಕೇಳುತ್ತಾನೆ. ಗೌಡ ಹೇಗೆ ಮಾತಾಡುತ್ತಾನೆ, ಆಳು ಹೇಗೆ ಮಾತಾಡುತ್ತಾನೆ, ಪೂಜಾರಿ ಯಾವ ಪದ ಬಳಸುತ್ತಾನೆ ಎಂಬ ವ್ಯತ್ಯಾಸ ಒಳಗಿನವರಿಗಿಂತ ಹೊರಗಿನವರ ಕಿವಿಗೆ ಬೇಗ ಬೀಳುತ್ತದೆ. ಗೊಂಬೆಯವರ ಪದಪ್ರಜ್ಞೆಗೆ ಇದೂ ಒಂದು ಕಾರಣ ಇರಬೇಕು ಎಂದು ನಮಗನ್ನಿಸುತ್ತದೆ.

ಮಳೆ ಕೈಕೊಟ್ಟಾಗ, ದನಕರುಗಳಿಗೆ ಬೇನೆ ಬಂದಾಗ ಊರಿನವರೇ ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು. ಮೊದಲು ಗಣಪತಿ, ಸರಸ್ವತಿಯರ ಗೊಂಬೆ ಬರುತ್ತಿತ್ತು. ಆಮೇಲೆ ನಗಿಸಲು ಕಪ್ಪು ಮೈಯ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಆಮೇಲೆ ರಾಮಾಯಣದ್ದೋ ಮಹಾಭಾರತದ್ದೋ ಒಂದು ಪ್ರಸಂಗ.

ಎರಡು ಕೈ, ಮೂರನೆಯ ಗೊಂಬೆ

ಗೊಂಬೆ ಆಡಿಸುವವನಿಗೆ ಇರುವುದು ಎರಡು ಕೈ. ಪರದೆಯ ಮೇಲೆ ಇಬ್ಬರೇ ಇದ್ದರೆ ಕಷ್ಟವಿಲ್ಲ. ಯಾರು ಮಾತಾಡುತ್ತಾರೋ ಆ ಗೊಂಬೆಯನ್ನು ತುಸು ಅಲುಗಿಸಿದರೆ ಸಾಕು, ನೋಡುವವರಿಗೆ ಗೊತ್ತಾಗುತ್ತದೆ. ಆದರೆ ರಾಜಸಭೆಯ ದೃಶ್ಯ ಬಂತು ಅನ್ನಿ. ಪರದೆಯ ಮೇಲೆ ನಾಲ್ಕು ಗೊಂಬೆ ಇರಬೇಕು. ಆಗ ಎರಡನ್ನು ಕೈಯಲ್ಲಿ ಹಿಡಿದು, ಉಳಿದವನ್ನು ಪರದೆಗೆ ಮುಳ್ಳಿನಿಂದ ಸಿಕ್ಕಿಸಿ ನಿಲ್ಲಿಸುತ್ತಾರೆ. ಸಿಕ್ಕಿಸಿದ ಗೊಂಬೆ ಮಾತಾಡುವಾಗ ಅಲುಗುವುದಿಲ್ಲ. ಅದು ಮಾತಾಡುತ್ತಿದೆ ಎಂದು ಹೇಳಲು ದನಿ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಕಥೆ ಹೇಳುವವರಿಗೆ ಈ ತೊಡಕು ಇರುವುದಿಲ್ಲ. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ ನಮ್ಮ ಜಿಲ್ಲೆಯವರೇ. 2014ರಲ್ಲಿ ತೀರಿಕೊಂಡ ಅವರು ಓದು ಬರಹ ತಿಳಿಯದಿದ್ದರೂ ಹನ್ನೆರಡು ದೊಡ್ಡ ಕಾವ್ಯಗಳನ್ನು ನೆನಪಿನಿಂದ ಹಾಡಬಲ್ಲವರಾಗಿದ್ದರು. ಹೀಗೆ ಕಥೆ ಹೇಳುವಾಗ ‘ಅಂದ’, ‘ಅಂದಳು’, ‘ಅಂತ ಕೇಳಿದ’ ಎಂಬ ಪುಟ್ಟ ಪದಗಳು ನೆರವಿಗೆ ಬರುತ್ತವೆ. ದನಿ ಒಂದೇ ಇದ್ದರೂ ಯಾರ ಮಾತು ಎಂಬುದು ವಾಕ್ಯದಲ್ಲೇ ಇರುತ್ತದೆ. ಗೊಂಬೆಯಾಟ ಹಾಗಲ್ಲ, ಅದು ನಾಟಕ. ಗೊಂಬೆ ‘ನಾನು’ ಎಂದೇ ಮಾತಾಡಬೇಕು. ‘ಅಂದ’ ಎನ್ನುವ ಊರುಗೋಲು ಅಲ್ಲಿಲ್ಲ.

ಪೇಟೆಯ ನಾಟಕಕ್ಕೂ ಈ ತೊಡಕಿಲ್ಲ. ಬಳ್ಳಾರಿ ನಗರಕ್ಕೆ ದೊಡ್ಡ ರಂಗಭೂಮಿ ಚರಿತ್ರೆ ಇದೆ. ಧರ್ಮವರಂ ರಾಮಕೃಷ್ಣಾಚಾರ್ಯರು ಇಲ್ಲಿ ಸರಸ ವಿನೋದಿನಿ ಸಭೆ ಕಟ್ಟಿದರು. ಅವರ ಸೋದರಳಿಯ ಬಳ್ಳಾರಿ ರಾಘವ (1880-1946) ದೇಶವೇ ಬಲ್ಲ ನಟರಾದರು, ಇಂದು ರಾಘವ ಕಲಾಮಂದಿರ ಅವರ ಹೆಸರಿನಲ್ಲಿದೆ. ಆದರೆ ರಂಗದ ಮೇಲೆ ಒಬ್ಬ ನಟನಿಗೆ ಒಂದು ಹೊತ್ತಿಗೆ ಒಂದೇ ಪಾತ್ರ. ಮುಖ ಕಾಣುತ್ತದೆ, ತುಟಿ ಅಲುಗುತ್ತದೆ, ವೇಷ ಬೇರೆ ಇರುತ್ತದೆ. ಒಂದೇ ಗಂಟಲಿನಲ್ಲಿ ಒಂದಿಡೀ ಸಭೆಯನ್ನು ತುಂಬುವ ಹೊಣೆ ಹಳ್ಳಿಯ ಗೊಂಬೆಯವನದು.

ದನಿ ಏಕೆ ಒಂದೇ ಸಾಲದು?

ಮೊದಲು ದನಿಯ ಎತ್ತರದ ಲೆಕ್ಕ ನೋಡೋಣ. ನಮ್ಮ ನಿಮ್ಮ ಗಂಟಲಿಗೆ ಸಲೀಸಾಗಿ ಬರುವುದು ಒಂದು ನಡುದನಿ. ಅದಕ್ಕಿಂತ ಕೆಳಗೆ ಎದೆಯ ದನಿ, ಮೇಲೆ ತೆಳು ದನಿ. ಹೀಗೆ ಮೂರು ಮೆಟ್ಟಿಲುಗಳನ್ನು ಹೆಚ್ಚಿನವರು ಹಿಡಿದಿಡಬಲ್ಲರು. ನಾಲ್ಕನೆಯದು, ಐದನೆಯದು ಮಾಡಲು ಹೋದರೆ ಎರಡು ನಿಮಿಷ ನಿಲ್ಲುತ್ತದೆ, ಆಮೇಲೆ ಪಕ್ಕದ ಮೆಟ್ಟಿಲಿಗೆ ಜಾರುತ್ತದೆ. ಬೆಳಗಿನವರೆಗೆ ಆಡಬೇಕಾದವನು ಎರಡು ನಿಮಿಷದ ದನಿಯನ್ನು ನಂಬಿ ಕೂರುವಂತಿಲ್ಲ.

ಇನ್ನೊಂದು ತೊಂದರೆ ಇದೆ. ಮೈಕು ಬರುವ ಮೊದಲು ಬಯಲಿನಲ್ಲಿ ಆಟ ಆಡುವವರು ನೂರಾರು ಜನರಿಗೆ ಕೇಳುವಂತೆ ಕೂಗಬೇಕಿತ್ತು. ಕೂಗಿದರೆ ದನಿ ತಾನಾಗಿ ಮೇಲೇರುತ್ತದೆ. ತೀರಾ ಕೆಳದನಿಯಲ್ಲಿ ಜೋರಾಗಿ ಮಾತಾಡುವುದು ಬಹುಪಾಲು ಗಂಟಲುಗಳಿಗೆ ಆಗುವುದಿಲ್ಲ. ಮನೆಯಲ್ಲೇ ಪರೀಕ್ಷಿಸಿ. ಆದಷ್ಟು ದಪ್ಪ ದನಿಯಲ್ಲಿ ಹೊಲದ ಆ ಬದುವಿನಲ್ಲಿರುವವರನ್ನು ಕರೆಯಿರಿ. ದನಿ ದಪ್ಪವಾಗಿ ಉಳಿಯುವುದಿಲ್ಲ, ಉಳಿದರೆ ದೂರ ಹೋಗುವುದಿಲ್ಲ. ಹಾಗಾಗಿ ಸಿನಿಮಾದಲ್ಲಿ ನಾವು ಕೇಳುವ ಗುಡುಗಿನಂಥ ರಾವಣನ ದನಿ ಮೈಕಿನ ಕಾಲದ್ದು. ಬಯಲಿನ ಹಳೆಯ ರಾವಣನಿಗೂ ರಾಮನಿಗೂ ದನಿಯ ಎತ್ತರದಲ್ಲಿ ಹೆಚ್ಚು ಅಂತರ ಇರಲು ಸಾಧ್ಯವಿರಲಿಲ್ಲ. ಅಂತರವನ್ನು ಬೇರೆ ಕಡೆಯಿಂದ ತರಬೇಕಿತ್ತು. ಅದು ಬಂದದ್ದು ವೇಗದಿಂದ ಮತ್ತು ಪದದಿಂದ.

ಕರ್ನಾಟಕದ ತೊಗಲು ಗೊಂಬೆಗಳಲ್ಲಿ ಒಂದು ಪದ್ಧತಿ ಇದೆ. ರಾಜರು, ದೇವರುಗಳ ಗೊಂಬೆ ದೊಡ್ಡದು. ಸೇವಕರು, ಸಾಮಾನ್ಯರ ಗೊಂಬೆ ಚಿಕ್ಕದು. ಮಾತೂ ಹೀಗೆಯೇ. ದೊಡ್ಡ ಗೊಂಬೆ ಕಡಿಮೆ ಪದಗಳನ್ನು ನಿಧಾನವಾಗಿ ಆಡುತ್ತದೆ, ಏಕೆಂದರೆ ರಾಜನಿಗೆ ಅವಸರವಿಲ್ಲ, ಅವನ ಮಾತಿಗೆ ಅಡ್ಡ ಬರುವವರಿಲ್ಲ. ಸಣ್ಣ ಗೊಂಬೆ ಬಡಬಡ ಮಾತಾಡುತ್ತದೆ, ಏಕೆಂದರೆ ಯಾರಾದರೂ ಬಾಯಿ ಮುಚ್ಚಿಸುವುದರೊಳಗೆ ಅದು ತನ್ನ ಮಾತು ಮುಗಿಸಬೇಕು. ನಿಧಾನಕ್ಕೂ ಅವಸರಕ್ಕೂ ಹಿಂದೆ ಇಂಥ ಕಾರಣ ಇದ್ದರೆ ಆಡುವವನಿಗೆ ನೆನಪಿಡುವುದು ಸುಲಭ.

ಒಂದು ಸಭೆಯನ್ನು ಬಿಡಿಸಿ ನೋಡೋಣ

ಹನುಮಂತನನ್ನು ಕಟ್ಟಿ ರಾವಣನ ಸಭೆಗೆ ತಂದಿದ್ದಾರೆ. ಪರದೆಯ ಮೇಲೆ ರಾವಣ, ಹನುಮ, ವಿಭೀಷಣ ಇದ್ದಾರೆ, ಆಮೇಲೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬರುತ್ತಾರೆ. ಕೆಳಗಿನ ಮಾತುಗಳು ಯಾವ ಮೇಳದವೂ ಅಲ್ಲ. ವಿಷಯ ತಿಳಿಯಲಿ ಎಂದು ನಾವೇ ಬರೆದುಕೊಂಡವು.

ರಾವಣ: “ಕಪಿ! ಯಾರ ಅಪ್ಪಣೆ ಕೇಳಿ ನನ್ನ ವನ ಮುರಿದೆ?”

ಹನುಮ: “ಹಸಿವಾಗಿತ್ತು, ಹಣ್ಣಿತ್ತು, ತಿಂದೆ. ಹೊಡೆಯಲು ಬಂದರು, ಹೊಡೆದೆ. ಕಟ್ಟಲು ಬಂದರು, ಕಟ್ಟಿಸಿಕೊಂಡೆ. ನಾನು ರಾಮನ ಬಂಟ, ಇನ್ನೇನು ಕೇಳಬೇಕು?”

ವಿಭೀಷಣ: “ಅಣ್ಣಾ, ದೂತನನ್ನು ಕೊಲ್ಲುವುದು ಧರ್ಮವಲ್ಲ. ಶಿಕ್ಷೆ ಕೊಡು, ಆದರೆ ಪ್ರಾಣ ತೆಗೆಯಬೇಡ.”

ರಾವಣ: “ಬಾಲ. ಕೋತಿಗೆ ಬಾಲವೇ ಭೂಷಣ. ಸುಡಿ ಅದನ್ನು.”

ಕಿಳ್ಳೇಕ್ಯಾತ: “ಏ ಬಂಗಾರಕ್ಕಾ! ಮನ್ಯಾಗ ಹಳೇ ಅರಿವಿ ಎಷ್ಟದಾವೋ ಅಷ್ಟೂ ತಗಂಡು ಬಾರ! ಆಗಿಂದ ಸುತ್ತಾಕತ್ತೀನಿ, ಈ ಬಾಲ ಮುಗಿಯವಲ್ದು!”

ಬಂಗಾರಕ್ಕ: “ಇದ್ದಬದ್ದ ಸೀರಿ ಎಲ್ಲಾ ಒಯ್ದಿ, ಇನ್ನ ಉಟ್ಟಿದ್ದೊಂದು ಉಳದೈತಿ. ಹೋಗು, ನಿಮ್ಮ ರಾಜನ್ನ ಪಂಚಿ ಕೇಳು!”

ಈಗ ಈ ಸಾಲುಗಳನ್ನು ದನಿ ಬದಲಿಸದೆ ಒಂದೇ ಸಪ್ಪೆ ದನಿಯಲ್ಲಿ ಯಾರಿಗಾದರೂ ಓದಿ ಹೇಳಿ. ಹೆಸರು ಹೇಳಬೇಡಿ. ಆದರೂ ಕೇಳುವವರಿಗೆ ಯಾರ ಮಾತು ಎಂದು ಗೊತ್ತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಪದಗಳೇ ಮುಗಿಸಿವೆ ಎಂಬುದಕ್ಕೆ ಇದೇ ಸಾಕ್ಷಿ.

ಒಂದೊಂದಾಗಿ ನೋಡೋಣ. ರಾವಣನ ಮೊದಲ ಮಾತಿನಲ್ಲಿ ಏಳು ಪದಗಳಿವೆ, ಹನುಮನದರಲ್ಲಿ ಹದಿನಾಲ್ಕು. ಎರಡನ್ನೂ ಒಂದೇ ಹೊತ್ತಿನಲ್ಲಿ ಹೇಳಿ ಮುಗಿಸಿದರೆ ಹನುಮನ ವೇಗ ತಾನಾಗಿ ರಾವಣನ ಎರಡು ಪಟ್ಟು ಆಗುತ್ತದೆ. ದನಿಯನ್ನು ಮುಟ್ಟದೆಯೇ ಇಬ್ಬರು ಬೇರೆಯಾದರು. ರಾವಣ ‘ಕಪಿ’ ಎಂದ ಮೇಲೆ ಒಂದು ಕ್ಷಣ ನಿಲ್ಲಬೇಕು. ಆ ಮೌನವೂ ಅವನದೇ. ಅವನು ಮಾತು ಮುಗಿಸುವವರೆಗೆ ಸಭೆ ಉಸಿರು ಬಿಡುವುದಿಲ್ಲ ಎಂದು ಅದು ಹೇಳುತ್ತದೆ. ಹನುಮನ ಮಾತಿನಲ್ಲಿ ನಿಲ್ಲುವ ಜಾಗ ಇಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿದಂತೆ ಒಂದೊಂದು ತುಂಡೂ ಮುಂದಿನದಕ್ಕೆ ಹಾರುತ್ತದೆ.

ಕಷ್ಟ ಇರುವುದು ವಿಭೀಷಣನಲ್ಲಿ. ಅವನೂ ರಾಕ್ಷಸ, ಅವನೂ ರಾಜವಂಶದವನು, ಅಣ್ಣನ ಹಾಗೆಯೇ ಗ್ರಂಥದ ಕನ್ನಡ ಆಡುತ್ತಾನೆ. ರಾವಣನಿಂದ ಅವನನ್ನು ಬೇರೆ ಮಾಡುವುದು ‘ಅಣ್ಣಾ’ ಎಂಬ ಮೊದಲ ಪದ. ಮಾತು ಶುರುವಾದ ಕೂಡಲೇ ಅವನು ಯಾರೆಂದು ಗೊತ್ತಾಗಿಬಿಡುತ್ತದೆ. ಹಳೆಯ ಆಟಗಳಲ್ಲಿ ಪಾತ್ರಗಳು ಒಬ್ಬರನ್ನೊಬ್ಬರು ಸುಮ್ಮನೆ ಮಾತಾಡಿಸುವುದಿಲ್ಲ. ಹೆಸರು, ನಂಟು, ಬಿರುದು ಹಿಡಿದು ಕರೆದೇ ಮಾತು ಶುರು ಮಾಡುತ್ತವೆ. ನಮ್ಮ ದೊಡ್ಡಾಟದಲ್ಲೂ ಪಾತ್ರ ಬಂದ ಕೂಡಲೇ ಸಾರಥಿ ಎದುರು ನಿಂತು ನೀವು ಯಾರು, ಯಾವ ಊರಿನವರು ಎಂದು ಕೇಳಿ ಬಾಯಿ ಬಿಡಿಸುತ್ತಾನೆ. ಓದುವಾಗ ಇದು ಉದ್ದ ಅನ್ನಿಸಬಹುದು. ಕತ್ತಲಲ್ಲಿ ದೂರ ಕೂತವನಿಗೆ ಇದೇ ದಾರಿದೀಪ. ಸಾಲಿನ ಮೊದಲ ಪದ ಯಾರದೆಂದು ಗೊತ್ತಾಗದಿದ್ದರೆ, ಗೊತ್ತಾಗುವ ಹೊತ್ತಿಗೆ ಅರ್ಧ ಮಾತು ಕಳೆದುಹೋಗಿರುತ್ತದೆ.

ಆಮೇಲೆ ಉಳಿದ ಕೆಲಸಕ್ಕೆ ದನಿ ಬರುತ್ತದೆ. ರಾವಣನಿಗೆ ಎದೆಯ ದನಿ, ವಿಭೀಷಣನಿಗೆ ನಡುದನಿ, ಹನುಮನಿಗೂ ನಡುದನಿಯೇ ಆದರೆ ಎರಡು ಪಟ್ಟು ವೇಗ. ತೆಳು ದನಿ ಕಿಳ್ಳೇಕ್ಯಾತನಿಗೆ. ಮೂರೇ ಮೆಟ್ಟಿಲು, ನಾಲ್ಕು ಜನ. ನಾಲ್ಕನೆಯವನನ್ನು ವೇಗ ಬೇರೆ ಮಾಡಿತು. ಬಂಗಾರಕ್ಕನ ಮಾತನ್ನು ಹೆಂಡತಿ ಆಡಿದರೆ ತಕರಾರಿಲ್ಲ. ಗಂಡಸೇ ಆಡಬೇಕಾದಾಗ ಕೀರಲು ದನಿ ಮಾಡಿದರೆ ಗಂಟಲು ಒಡೆಯುತ್ತದೆ, ಜನ ಮಾತು ಬಿಟ್ಟು ದನಿಗೆ ನಗುತ್ತಾರೆ. ದನಿಯನ್ನು ತುಸು ಹಗುರ ಮಾಡಿ, ವಾಕ್ಯದ ಕೊನೆಯನ್ನು ಎಳೆದು, ‘ಉಟ್ಟಿದ್ದೊಂದು ಉಳದೈತಿ’ ಎಂಬಂಥ ಮಾತು ಕೊಟ್ಟರೆ ಹೆಣ್ಣೆಂದು ಕೇಳುವವರ ಮನಸ್ಸೇ ಒಪ್ಪಿಕೊಳ್ಳುತ್ತದೆ.

ಕಿಳ್ಳೇಕ್ಯಾತನಿಗೆ ಊರ ಮಾತು

ರಾಮನೂ ರಾವಣನೂ ಬಳ್ಳಾರಿಯಲ್ಲಿ ಆಡಿದರೂ ಬೇರೆ ಜಿಲ್ಲೆಯಲ್ಲಿ ಆಡಿದರೂ ಹೆಚ್ಚುಕಡಿಮೆ ಒಂದೇ ಕನ್ನಡ ಮಾತಾಡುತ್ತಾರೆ. ಅದು ಯಾವ ಊರಿನದೂ ಅಲ್ಲದ, ಕಥೆಯ ಕನ್ನಡ. ಕಿಳ್ಳೇಕ್ಯಾತ ಮಾತ್ರ ಆ ಊರಿನವನೇ ಆಗಬೇಕು. ಸಿರುಗುಪ್ಪದ ಕಡೆ ಆಟವಾದರೆ ಅವನು ಭತ್ತದ ಗದ್ದೆಯ ಮಾತಾಡಬೇಕು, ಕಾಲುವೆಯ ಕೊನೆಗೆ ನೀರು ಬರಲಿಲ್ಲ ಎಂದು ಗೊಣಗಬೇಕು. ಕುರುಗೋಡಿನಲ್ಲಾದರೆ ಬಂಗಾರಕ್ಕ ದೊಡ್ಡ ಬಸವೇಶ್ವರನ ಮೇಲೆ ಆಣೆ ಇಡಬೇಕು. ಬಳ್ಳಾರಿ ನಗರದ ಓಣಿಯಲ್ಲಾದರೆ ಕನ್ನಡದ ನಡುವೆ ತೆಲುಗು, ಉರ್ದು ಪದಗಳು ನುಸುಳಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ಬೇಕಾದಷ್ಟು ಸರಕಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮುಂತಾದ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಕಾಗದದ ಮೇಲೆ ಬಿತ್ತು, ಸಂತೆಯಲ್ಲಿ ಬೀಳಲಿಲ್ಲ. ಮೂರು ಭಾಷೆ ಕೇಳಿ ಬೆಳೆದ ಜನರ ಮುಂದೆ ಆಡುವವನು ಒಂದೇ ಪದದಿಂದ ಪಾತ್ರದ ಕಸುಬು, ಊರು, ಅಂತಸ್ತು ಹೇಳಿಬಿಡಬಹುದು. ‘ಬರುತ್ತಿದ್ದೇನೆ’ ಎಂದರೆ ರಾಜ, ‘ಬರಾಕತ್ತೀನಿ’ ಎಂದರೆ ಪಕ್ಕದ ಮನೆಯವನು. ದನಿ ಬದಲಿಸಬೇಕಾದ್ದೇ ಇಲ್ಲ.

ಇದರಲ್ಲಿ ಒಂದು ಎಚ್ಚರವೂ ಬೇಕು. ಒಂದು ಜಾತಿಯ, ಒಂದು ಕೇರಿಯ ಮಾತನ್ನು ಸದಾ ಪೆದ್ದನ ಬಾಯಲ್ಲೇ ಇಟ್ಟರೆ ಆ ಕೇರಿಯವರು ನಗುವುದಿಲ್ಲ, ಎದ್ದು ಹೋಗುತ್ತಾರೆ. ಕಿಳ್ಳೇಕ್ಯಾತ ಆಡುವುದು ಊರೆಲ್ಲರ ಮಾತು. ಅವನು ಪೆದ್ದನಂತೆ ಕಂಡರೂ ಪಂಚೆ ಕೇಳಿಸಿಕೊಳ್ಳುವವನು ರಾಜ. ಆ ತಿರುವು ಇದ್ದದ್ದರಿಂದಲೇ ಊರ ಮಾತು ಅಲ್ಲಿ ಅವಮಾನ ಅನ್ನಿಸುವುದಿಲ್ಲ.

ಎಲ್ಲಿ ಕೆಡುತ್ತದೆ?

ಒಬ್ಬನೇ ಹಲವರಾಗಿ ಆಡುವಾಗ ಎರಡು ಕಡೆ ಕೆಡುತ್ತದೆ. ಮೊದಲನೆಯದು ಜಾರುವುದು. ಶುರುವಿನಲ್ಲಿ ರಾವಣನ ದನಿ ಎದೆಯಿಂದ ಬರುತ್ತಿರುತ್ತದೆ. ಸಿಟ್ಟು ಏರಿದಂತೆ ಕೂಗು ಹೆಚ್ಚಾಗಿ ದನಿಯೂ ಮೇಲೇರಿ ವಿಭೀಷಣನ ಮೆಟ್ಟಿಲಿಗೆ ಬಂದು ಕೂರುತ್ತದೆ. ಆಡುವವನಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಅವನ ಮನಸ್ಸಿನಲ್ಲಿ ಪಾತ್ರಗಳು ಬೇರೆಯಾಗಿಯೇ ಇವೆ. ತಿಳಿಯುವ ದಾರಿ ಒಂದೇ. ಯಾರಾದರೂ ಬೆನ್ನು ತಿರುಗಿಸಿ ಕೂತು ಕೇಳಬೇಕು, ಪ್ರತಿ ಸಾಲಿಗೂ ಯಾರೆಂದು ಹೇಳಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಜಾರಿದೆ ಎಂದರ್ಥ. ಮದ್ದು ಕೂಗನ್ನು ಇನ್ನೂ ಹೆಚ್ಚಿಸುವುದಲ್ಲ. ಸಿಟ್ಟು ಬಂದಾಗ ರಾವಣನನ್ನು ಇನ್ನೂ ನಿಧಾನ ಮಾಡಬೇಕು. ಆಗ ದನಿ ಜಾರಿದರೂ ವೇಗ ಕೈಹಿಡಿಯುತ್ತದೆ.

ಎರಡನೆಯದು ಹಿಂದಿನ ಪಾತ್ರದ ಬಾಲ ಮುಂದಿನದಕ್ಕೆ ಅಂಟಿಕೊಳ್ಳುವುದು. ಹನುಮನ ವೇಗದ ಮಾತು ಮುಗಿಸಿ ತಕ್ಷಣ ವಿಭೀಷಣನಿಗೆ ಬಂದರೆ ‘ಅಣ್ಣಾ’ ಎಂಬುದೂ ಹನುಮನ ವೇಗದಲ್ಲೇ ಬರುತ್ತದೆ. ಅತಿ ಮುಖ್ಯವಾದ ಮೊದಲ ಪದವೇ ಹಾಳಾಗುತ್ತದೆ. ಒಂದು ಉಸಿರು ಎಳೆದುಕೊಳ್ಳುವಷ್ಟು ಬಿಡುವು ಬೇಕು. ಗೊಂಬೆಯಾಟದಲ್ಲಿ ತಾಳ, ಮದ್ದಳೆ, ಹಾರ್ಮೋನಿಯಂ ಇರುವುದು ಹಾಡಿಗೆ ಮಾತ್ರವಲ್ಲ. ಮಾತು ಕೈ ಬದಲಾಗುವಾಗ ತಾಳದ ಒಂದು ಪೆಟ್ಟು ಬಿದ್ದರೆ ಆಡುವವನಿಗೆ ಉಸಿರು ಸಿಕ್ಕಿತು, ಕೇಳುವವರಿಗೆ ಪಾತ್ರ ಬದಲಾಯಿತು ಎಂಬ ಸೂಚನೆಯೂ ಸಿಕ್ಕಿತು. ನಡುವೆ ಬರುವ ಹಾಡನ್ನು ಮನೆಯ ಬೇರೆಯವರು ಎತ್ತಿಕೊಂಡರೆ ಗಂಟಲಿಗೆ ಅದೇ ವಿಶ್ರಾಂತಿ. ಇದೊಂದು ಕುಟುಂಬದ ಕಸುಬಾಗಿ ಉಳಿದದ್ದಕ್ಕೆ ಇದೂ ಕಾರಣ. ಗಂಡ, ಹೆಂಡತಿ, ಮಕ್ಕಳು ಒಂದೇ ಪರದೆಯ ಹಿಂದೆ ಇದ್ದರೆ ಮಾತ್ರ ಒಂದು ಗಂಟಲು ಬೆಳಗಿನವರೆಗೆ ಬಾಳುತ್ತದೆ.

ಈ ಮೇಳಗಳಲ್ಲಿ ಹೆಂಗಸರ ಪಾಲು ಬಹಳ ಕಾಲ ಪರದೆಯ ಹಿಂದೆಯೇ ಉಳಿಯಿತು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು.

ಗಾಂಧೀಜಿ ಪರದೆಗೆ ಬಂದಾಗ

ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರ ಹೆಸರು ಹೇಳದೆ ಈ ಚರಿತ್ರೆ ಮುಗಿಯುವುದಿಲ್ಲ. ನಾಟಕದ ನಟರಾಗಿದ್ದ ಅವರು ತೊಗಲು ಗೊಂಬೆಗೆ ಬಂದು ಶ್ರೀ ರಾಮಾಂಜನೇಯ ತೊಗಲು ಗೊಂಬೆ ಮೇಳ ಕಟ್ಟಿದರು. ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ, ಗಾಂಧೀಜಿಯ ಬದುಕನ್ನೂ ಪರದೆಗೆ ತಂದರು. 2023ರ ಏಪ್ರಿಲ್‌ನಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ಪುರಾಣದ ಗೊಂಬೆಯಿಂದ ಗಾಂಧಿಯ ಗೊಂಬೆಗೆ ಬರುವುದು ದನಿಯ ಮಟ್ಟಿಗೆ ದೊಡ್ಡ ಜಿಗಿತ. ರಾವಣನ ದನಿ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಯಾವುದು ಕೊಟ್ಟರೂ ನಡೆಯುತ್ತದೆ. ಗಾಂಧೀಜಿಯ ದನಿಯನ್ನು ಜನ ರೇಡಿಯೋದಲ್ಲಿ, ಸಿನಿಮಾದಲ್ಲಿ ಕೇಳಿದ್ದಾರೆ. ಅದು ಮೆಲುದನಿ, ಆವೇಶವಿಲ್ಲದ ನಿಧಾನ. ಪುರಾಣದ ಲೆಕ್ಕದಲ್ಲಿ ನಿಧಾನ ಎಂದರೆ ದರ್ಪ. ಇಲ್ಲಿ ಅದೇ ನಿಧಾನಕ್ಕೆ ದರ್ಪ ಇರಬಾರದು. ಹಾಗಾದರೆ ವ್ಯತ್ಯಾಸ ತರುವುದು ಹೇಗೆ? ಮತ್ತೆ ಪದವೇ ಗತಿ. ರಾವಣ ‘ಸುಡಿ’ ಎಂದು ಅಪ್ಪಣೆ ಕೊಡುತ್ತಾನೆ. ಗಾಂಧೀಜಿಯ ಬಾಯಲ್ಲಿ ಅಪ್ಪಣೆಯ ಕ್ರಿಯಾಪದ ನಿಲ್ಲುವುದಿಲ್ಲ, ‘ಮಾಡೋಣ’, ‘ನಡೆಯೋಣ’ ಎಂಬುದೇ ಒಪ್ಪುತ್ತದೆ. ವೇಗ ಇಬ್ಬರದೂ ಒಂದೇ, ಕ್ರಿಯಾಪದದ ಕೊನೆ ಬೇರೆ, ಮನುಷ್ಯರು ಬೇರೆ. ಬ್ರಿಟಿಷ್ ಅಧಿಕಾರಿ ಬಂದರೆ ಅವನ ಪದಗಳು ಕನ್ನಡದವೇ ಇರಲಿ, ಅವುಗಳ ಕ್ರಮ ಕೆಡಲಿ. ‘ನೀವು ಹೋಗಬೇಕು ಇಲ್ಲಿಂದ ಈಗಲೇ’ ಎಂದ ಕೂಡಲೇ ಅವನು ಈ ನೆಲದವನಲ್ಲ ಎಂದು ಮಗುವಿಗೂ ತಿಳಿಯುತ್ತದೆ.

ಮುದ್ರಿಸಿದ ಮಾತು, ಆಡಿದ ಮಾತು

ಮೈಕಿನ ನಂತರ ಬಂದದ್ದು ಮೊದಲೇ ಮುದ್ರಿಸಿಟ್ಟ ದನಿ. ಒಮ್ಮೆ ಸ್ಟುಡಿಯೋದಲ್ಲಿ ನಾಲ್ಕಾರು ಜನ ಸೇರಿ ಮಾತು, ಹಾಡು ಮುದ್ರಿಸಿಕೊಂಡರೆ ಆಮೇಲೆ ಗೊಂಬೆ ಅಲುಗಿಸಿದರೆ ಸಾಕು. ಇದನ್ನು ಸುಮ್ಮನೆ ಹಳಿಯಲಾಗದು. ಊರೂರು ತಿರುಗುವ ಕುಟುಂಬಕ್ಕೆ ಗಂಟಲೇ ಬಂಡವಾಳ. ಅದು ಕೆಟ್ಟರೆ ಅಂದಿನ ಊಟವೂ ಇಲ್ಲ. ಎರಡು ಗಂಟೆಯ ಸರ್ಕಾರಿ ಕಾರ್ಯಕ್ರಮಕ್ಕೆ ಮುದ್ರಿಸಿದ ಮಾತು ಅನುಕೂಲವೇ. ರಾಮ, ರಾವಣ, ಸೀತೆಯರಿಗೆ ಅದರಿಂದ ಹೆಚ್ಚು ನಷ್ಟವೂ ಇಲ್ಲ. ಅವರ ಮಾತು ಹೇಗೂ ಎಲ್ಲ ಊರಿಗೂ ಒಂದೇ.

ನಷ್ಟ ಆಗುವುದು ಕಿಳ್ಳೇಕ್ಯಾತನಿಗೆ. ಮುದ್ರಿಸಿದ ಕಿಳ್ಳೇಕ್ಯಾತ ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಒಂದೇ ಮಾತಾಡುತ್ತಾನೆ. ಈ ವರ್ಷ ಕಾಲುವೆಗೆ ನೀರು ಬಂತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಮುಂದೆ ಕೂತ ಮುದುಕಿ ಅವನಿಗೆ ಉತ್ತರ ಕೊಟ್ಟರೆ ಅವನು ತಿರುಗಿ ಮಾತಾಡುವುದಿಲ್ಲ. ಅವನ ದನಿ ತೆಳುವಾಗಿಯೇ ಇರುತ್ತದೆ, ವೇಗವೂ ಇರುತ್ತದೆ. ಇಲ್ಲದ್ದು ಆ ಊರಿನ ಪದ. ಅದಿಲ್ಲದ ಮೇಲೆ ಅವನು ಕಿಳ್ಳೇಕ್ಯಾತ ಅಲ್ಲ, ಕಪ್ಪು ಬಣ್ಣದ ಇನ್ನೊಂದು ಗೊಂಬೆ.

ಮುಂದೆ ನಿಮ್ಮೂರಿಗೆ ಗೊಂಬೆಯಾಟ ಬಂದರೆ ರಾವಣನ ಅಬ್ಬರ ಮುಗಿದು ಕಿಳ್ಳೇಕ್ಯಾತ ಬರುವವರೆಗೆ ಕಾಯಿರಿ. ಅವನು ನಿಮ್ಮೂರಿನ ಯಾವ ಪದ ಹಿಡಿದು ಮಾತು ಶುರು ಮಾಡುತ್ತಾನೆ ಎಂದು ಕೇಳಿಸಿಕೊಳ್ಳಿ. ಪರದೆಯ ಹಿಂದಿನ ದನಿ ಬದುಕಿದೆಯೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.